ಎರಡು ಸಲ ಒತ್ತಿದರೆ ಕ್ಯಾಮೆರಾ, ಐದು ಸಲ ಒತ್ತಿದರೆ 112

ನಿಮ್ಮ ಮೊಬೈಲ್ ಕೈಗೆ ಸಿಗುವಂತಿದ್ದರೆ ಅದರ ಬದಿಯ ಪವರ್ ಬಟನ್ನನ್ನು ಬೇಗ ಬೇಗ ಎರಡು ಸಲ ಒತ್ತಿ ನೋಡಿ. ಎರಡೇ ಸಲ, ಅದಕ್ಕಿಂತ ಹೆಚ್ಚು ಬೇಡ. ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಕ್ಯಾಮೆರಾ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ, ಬೆರಳಚ್ಚು ಕೇಳುವುದಿಲ್ಲ. ಇದೇ ಬಟನ್ನನ್ನು ಇನ್ನೂ ಕೆಲವು ಸಲ ಒತ್ತಿದರೆ ಅದೇ ಫೋನು 112ಕ್ಕೆ, ಅಂದರೆ ಪೊಲೀಸ್, ಅಗ್ನಿಶಾಮಕ ಮತ್ತು ಆಂಬ್ಯುಲೆನ್ಸ್ ಮೂರಕ್ಕೂ ಸೇರಿದ ತುರ್ತು ಸಂಖ್ಯೆಗೆ, ಕರೆ ಮಾಡಲು ಸಿದ್ಧವಾಗುತ್ತದೆ. ಇವೆರಡು ಕೆಲಸ ಒಂದೇ ಬಟನ್ನಿನ ಮೇಲೆ ಹೇಗೆ ಕೂತಿವೆ, ಎಲ್ಲಿ ಒಂದಕ್ಕೊಂದು ತೊಡಕಾಗುತ್ತವೆ, ಅವನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳುವುದು ಹೇಗೆ ಎಂಬುದನ್ನು ಇವತ್ತು ಹೇಳುತ್ತೇನೆ.

ಇದನ್ನು ಮಾತಾಡಲೇಬೇಕು ಅನ್ನಿಸಿದ್ದು ನಮ್ಮ ಓಣಿಯ ಒಬ್ಬ ಹುಡುಗಿಯಿಂದ. ಆಕೆ ಹುಬ್ಬಳ್ಳಿ-ಧಾರವಾಡ ರಸ್ತೆಯ ರಾಯಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾಳೆ. ಎರಡನೇ ಪಾಳಿ ಇದ್ದ ದಿನ ಕಾರ್ಖಾನೆಯ ಗೇಟಿನಿಂದ ಹೆದ್ದಾರಿಯವರೆಗೆ ಕತ್ತಲಲ್ಲಿ ನಡೆದು ಬಂದು, ರಸ್ತೆಯ ನಡುವಿನ ನಿಲ್ದಾಣದಲ್ಲಿ ಚಿಗರಿ ಬಸ್ಸು ಹಿಡಿಯುತ್ತಾಳೆ. ಹೊಸ ಫೋನು ಕೊಂಡ ಮೇಲೆ ಒಂದು ದಿನ ಮನೆಗೆ ಬಂದು ಕೇಳಿದಳು: “ಕಾಕಾರ, ಬಟನ್ ಮೂರು ಸಲ ಒತ್ತಿದ್ರ ಪೊಲೀಸರಿಗೆ ಹೋಗ್ತೈತಿ ಅಂತಾರಲ್ರಿ, ನನ್ನ ಫೋನಿನ್ಯಾಗ ಬರೇ ಕ್ಯಾಮೆರಾ ಬರ್ತೈತಿ.”

“ಮೂರು ಸಲ ಒತ್ತಿದ ಮ್ಯಾಲೆ ಏನ್ ಮಾಡ್ತೀಯವ್ವಾ?” ಅಂದೆ.

“ಕ್ಯಾಮೆರಾ ಬಂತಲ್ರಿ, ತಪ್ಪಾತು ಅಂತ ಬಿಟ್ಟಬಿಡ್ತೇನಿ.”

ಅವಳು ಬಿಟ್ಟುಬಿಡುವ ಆ ಜಾಗವೇ ಇವತ್ತಿನ ವಿಷಯ. ಅವಳ ಫೋನು ಕೆಟ್ಟಿರಲಿಲ್ಲ. ಅವಳು ಕೇಳಿದ್ದ ಮಾತೂ ಸುಳ್ಳಾಗಿರಲಿಲ್ಲ. ಆದರೆ ಆ ಮಾತು ಅವಳ ಕೈಯಲ್ಲಿದ್ದ ಫೋನಿಗೆ ಹೊಂದುತ್ತಿರಲಿಲ್ಲ.

ಮೂರು ಸಲ ಎಂಬ ಮಾತು ಎಲ್ಲಿಂದ ಬಂತು ನೋಡೋಣ. 2016ರ ಏಪ್ರಿಲ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಒಂದು ನಿಯಮ ಹೊರಡಿಸಿತು. 2017ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಪ್ರತಿಯೊಂದು ಮೊಬೈಲಿನಲ್ಲೂ ಪ್ಯಾನಿಕ್ ಬಟನ್ ಸೌಲಭ್ಯ ಇರಬೇಕು ಎಂಬುದು ಅದರ ಸಾರ. ಸಾದಾ ಕೀಪ್ಯಾಡ್ ಫೋನಾದರೆ 5 ಅಥವಾ 9ರ ಕೀಲಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು. ಸ್ಮಾರ್ಟ್‌ಫೋನಾದರೆ ಕಂಪನಿಗಳಿಗೆ ಎರಡು ದಾರಿ ಇದ್ದವು. ಒಂದು, ತುರ್ತು ಕರೆಯ ಬಟನ್ನನ್ನು ಒತ್ತಿ ಹಿಡಿಯುವುದು. ಇನ್ನೊಂದು, ಪವರ್ ಬಟನ್ನನ್ನು ಬೇಗ ಬೇಗ ಮೂರು ಸಲ ಒತ್ತುವುದು. ಎರಡರಲ್ಲಿ ಯಾವುದಾದರೊಂದು ಇದ್ದರೆ ಸಾಕಿತ್ತು.

ಇಲ್ಲಿಯೇ ದಾರಿ ಕವಲೊಡೆಯಿತು. ಭಾರತದಲ್ಲಿ ಐಫೋನು ಮೂರು ಸಲ ಒತ್ತುವ ಕ್ರಮವನ್ನು ಅಳವಡಿಸಿಕೊಂಡಿತು. ಗೂಗಲ್ ತನ್ನ ಮೂಲ ಆಂಡ್ರಾಯ್ಡ್‌ನಲ್ಲಿ ಮೊದಲನೆಯ ದಾರಿ ಹಿಡಿಯಿತು. ಲಾಕ್ ಆಗಿರುವ ಪರದೆಯ ಕೆಳಗೆ Emergency ಎಂಬ ಅಕ್ಷರ ಕಾಣುತ್ತದಲ್ಲ, ಅದನ್ನು ಒತ್ತಿ ಹಿಡಿದರೆ ಕರೆ ಹೋಗುವ ವ್ಯವಸ್ಥೆ ಅದು. ಪ್ರತಿ ದೇಶದ ಮೊಬೈಲ್ ಜಾಲಕ್ಕೂ ಒಂದು ಸಂಕೇತ ಸಂಖ್ಯೆ ಇರುತ್ತದೆ. ನಮ್ಮ ದೇಶದ ಸಂಕೇತ 404 ಮತ್ತು 405. ಸಿಮ್ಮಿನಲ್ಲೋ ಟವರಿನ ಸಂಕೇತದಲ್ಲೋ ಈ ಸಂಖ್ಯೆ ಕಂಡರೆ ಫೋನು ತಾನಿರುವುದು ಭಾರತದಲ್ಲಿ ಎಂದು ತಿಳಿದು ಈ ಸೌಲಭ್ಯವನ್ನು ತೆರೆದಿಡುತ್ತದೆ. ಬೇರೆ ಬೇರೆ ಕಂಪನಿಗಳು ತಮ್ಮ ತಮ್ಮ ಫೋನುಗಳಲ್ಲಿ ಮೂರು ಒತ್ತನ್ನೋ ನಾಲ್ಕು ಒತ್ತನ್ನೋ ಇಟ್ಟವು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಲ್ಲಿ ಗೂಗಲ್ Emergency SOS ಎಂಬ ಹೊಸ ಸೌಲಭ್ಯ ತಂದಿತು. ಅದಕ್ಕೆ ಐದು ಒತ್ತು ಬೇಕು.

ಹೀಗಾಗಿ ಒಂದೇ ಮನೆಯಲ್ಲಿ ಅಪ್ಪನ ಹಳೆಯ ಫೋನಿಗೆ ಮೂರು, ಮಗಳ ಹೊಸ ಫೋನಿಗೆ ಐದು, ಅಜ್ಜಿಯ ಕೀಪ್ಯಾಡ್ ಫೋನಿಗೆ ಒತ್ತಿ ಹಿಡಿಯುವ ಕೀಲಿ ಎಂದಾಗುತ್ತದೆ. ಒಬ್ಬರಿಗೆ ಹೇಳಿಕೊಟ್ಟದ್ದು ಇನ್ನೊಬ್ಬರ ಫೋನಿಗೆ ಹೊಂದುವುದಿಲ್ಲ.

ಇನ್ನು ಕ್ಯಾಮೆರಾ ಯಾಕೆ ನಡುವೆ ಬರುತ್ತದೆ ಎಂಬ ಪ್ರಶ್ನೆ. ಎರಡು ಒತ್ತಿಗೆ ಕ್ಯಾಮೆರಾ ತೆರೆಯುವ ಪದ್ಧತಿ ಆಂಡ್ರಾಯ್ಡ್‌ನಲ್ಲಿ ಐದು ಒತ್ತಿಗಿಂತ ಹಳೆಯದು. 2015ರಲ್ಲಿ ಗೂಗಲ್‌ನ ನೆಕ್ಸಸ್ ಫೋನುಗಳ ಜೊತೆ ಬಂದದ್ದು. ಮಗು ಮೊದಲ ಹೆಜ್ಜೆ ಇಟ್ಟಾಗ, ಅಪಘಾತ ಮಾಡಿದ ಗಾಡಿಯ ನಂಬರು ಹಿಡಿಯಬೇಕಾದಾಗ ಲಾಕ್ ತೆಗೆಯುತ್ತ ಕೂಡಲು ಪುರಸೊತ್ತಿರುವುದಿಲ್ಲ. ಆ ಅವಸರಕ್ಕಾಗಿ ಮಾಡಿದ್ದು. ಹೀಗೆ ತೆರೆದ ಕ್ಯಾಮೆರಾದಿಂದ ಹೊಸ ಚಿತ್ರ ತೆಗೆಯಬಹುದು, ಆದರೆ ನಿಮ್ಮ ಹಳೆಯ ಫೋಟೊಗಳನ್ನು ಯಾರೂ ನೋಡಲಾಗದು. ಅದಕ್ಕೆ ಲಾಕ್ ತೆಗೆಯಲೇಬೇಕು.

ಬಸ್ಸಿನ ಕಂಡಕ್ಟರು ಒಂದು ಸೀಟಿ ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಹೊರಡು ಎಂದರ್ಥ. ಒಂದು ಸೀಟಿ ಕೇಳಿದ ಡ್ರೈವರಿಗೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಒಂದು ಕ್ಷಣ ಕಾಯದೆ ತಿಳಿಯುವುದಿಲ್ಲ. ಪವರ್ ಬಟನ್ನಿನ ಲೆಕ್ಕವೂ ಇದೇ. ನೀವು ಎರಡು ಸಲ ಒತ್ತಿದಾಗ ಅಲ್ಲಿಗೇ ನಿಲ್ಲುತ್ತೀರೋ ಐದರವರೆಗೂ ಹೋಗುತ್ತೀರೋ ಫೋನಿಗೆ ಗೊತ್ತಿಲ್ಲ. ಕಾಯುತ್ತ ಕೂತರೆ ಪ್ರತಿ ಸಲ ಕ್ಯಾಮೆರಾ ತಡವಾಗಿ ತೆರೆಯುತ್ತದೆ. ಅದಕ್ಕಾಗಿ ಆಂಡ್ರಾಯ್ಡ್ ಮಾಡಿದವರು ಕಾಯುವುದು ಬೇಡ ಎಂದು ತೀರ್ಮಾನಿಸಿದರು. ಎರಡನೆಯ ಒತ್ತು ಬೀಳುತ್ತಿದ್ದಂತೆ ಕ್ಯಾಮೆರಾ ತೆರೆದುಬಿಡುತ್ತದೆ, ಆದರೆ ಒಳಗೆ ಎಣಿಕೆ ನಡೆದೇ ಇರುತ್ತದೆ. ಮೂರು, ನಾಲ್ಕು, ಐದು ಎಂದು ನೀವು ಮುಂದುವರಿಸಿದರೆ ಕ್ಯಾಮೆರಾದ ಮೇಲೆಯೇ ತುರ್ತು ಕರೆಯ ಪರದೆ ಬರುತ್ತದೆ.

ಮೂಲ ಆಂಡ್ರಾಯ್ಡ್‌ನ ಕೋಡ್ ಎಲ್ಲರೂ ಓದಬಹುದಾದದ್ದು. ಅದರಲ್ಲಿ ಕ್ಯಾಮೆರಾಕ್ಕೆ ಎರಡು ಒತ್ತುಗಳ ನಡುವೆ ಇರಬಹುದಾದ ಅಂತರ 300 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ತುರ್ತು ಕರೆಯ ಎಣಿಕೆಯಲ್ಲೂ ಒಂದೊಂದು ಒತ್ತಿನ ನಡುವೆ ಹೆಚ್ಚು ಬಿಡುವು ಕೊಡಬಾರದು. ತಡವಾದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಕಂಪನಿಗಳು ಇದನ್ನು ತುಸು ಹೆಚ್ಚುಕಡಿಮೆ ಮಾಡಿಕೊಂಡಿರಬಹುದು, ಕ್ರಮ ಮಾತ್ರ ಇದೇ.

ನಮ್ಮ ಓಣಿಯ ಹುಡುಗಿಗೆ ತಿಳಿಯಬೇಕಾಗಿದ್ದುದು ಇಷ್ಟೇ. ಕ್ಯಾಮೆರಾ ಬಂತೆಂದರೆ ತಪ್ಪಾಯಿತು ಎಂದಲ್ಲ, ಅರ್ಧ ದಾರಿ ಬಂದಿದ್ದೇವೆ ಎಂದು. ಅಲ್ಲಿ ನಿಲ್ಲಿಸಬಾರದು, ಒತ್ತುತ್ತಲೇ ಹೋಗಬೇಕು. ಆಕೆಗೆ ನಾನು ಎಣಿಸಬೇಡ ಎಂದೇ ಹೇಳಿದೆ. ಗಾಬರಿಯಲ್ಲಿ ಎಣಿಕೆ ತಪ್ಪುತ್ತದೆ. ಪರದೆಯ ಬಣ್ಣ ಬದಲಾಗಿ ತುರ್ತು ಕರೆಯ ಮಾತು ಕಾಣುವವರೆಗೆ ಒತ್ತುತ್ತಿರುವುದು ಸುಲಭ. ಐದಕ್ಕಿಂತ ಒಂದೆರಡು ಹೆಚ್ಚಾದರೆ ಏನೂ ಕೆಡುವುದಿಲ್ಲ.

ಆಮೇಲೆ ಇಬ್ಬರೂ ಕೂತು ಅವಳ ಫೋನನ್ನು ಸರಿಮಾಡಿದೆವು. ನೀವೂ ಇದೇ ಕ್ರಮದಲ್ಲಿ ಮಾಡಬಹುದು. Settings ತೆರೆದರೆ ಮೇಲೆ ಹುಡುಕುವ ಜಾಗ ಇರುತ್ತದೆ. ಅದರಲ್ಲಿ SOS ಎಂದು ಬರೆಯಿರಿ. ಕಂಪನಿಗೊಂದು ಕಡೆ ಈ ಸೌಲಭ್ಯ ಅಡಗಿರುವುದರಿಂದ ಹುಡುಕುವುದೇ ಸುಲಭದ ದಾರಿ. ಬಹಳ ಫೋನುಗಳಲ್ಲಿ ಅದು Safety & emergency ಎಂಬ ಹೆಸರಿನ ಕೆಳಗೆ ಸಿಗುತ್ತದೆ. ಅಲ್ಲಿ Emergency SOS ಆನ್ ಆಗಿದೆಯೇ, ಎಷ್ಟು ಒತ್ತು ಬೇಕು ಎಂದು ಬರೆದಿದೆ, ಕರೆ ಹೋಗುವ ಸಂಖ್ಯೆ 112 ಇದೆಯೇ ಎಂಬ ಮೂರನ್ನು ಮೊದಲು ನೋಡಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಐದು ಒತ್ತಿದ ಮೇಲೆ ಫೋನು ಏನು ಮಾಡಬೇಕು? ಮೂಲ ಆಂಡ್ರಾಯ್ಡ್‌ನಲ್ಲಿ ಎರಡು ಆಯ್ಕೆ ಇವೆ. ಒಂದರಲ್ಲಿ ಫೋನು ಐದು ಸೆಕೆಂಡು ಎಣಿಸಿ ತಾನಾಗಿಯೇ ಕರೆ ಮಾಡುತ್ತದೆ. ಬೇಡವಾದರೆ ಅಷ್ಟರೊಳಗೆ ನೀವು ರದ್ದು ಮಾಡಬೇಕು. ಇನ್ನೊಂದು Touch & hold. ಇದರಲ್ಲಿ ಪರದೆಯ ಮೇಲೆ ಬರುವ ಗುಂಡನೆಯ ಗುರುತನ್ನು ನೀವು ಮೂರು ಸೆಕೆಂಡು ಒತ್ತಿ ಹಿಡಿದರೆ ಮಾತ್ರ ಕರೆ ಹೋಗುತ್ತದೆ. ಮೊದಲನೆಯದರಲ್ಲಿ ಫೋನು ಜೇಬಿನಲ್ಲಿ, ಪರ್ಸಿನಲ್ಲಿ ಇದ್ದರೂ ಕರೆ ಹೋಗುತ್ತದೆ. ಆದರೆ ಬಟನ್ ತಪ್ಪಿ ಒತ್ತಿಹೋದರೂ ಹೋಗುತ್ತದೆ. ಎರಡನೆಯದರಲ್ಲಿ ತಪ್ಪು ಕರೆ ಹೋಗುವುದು ಅಪರೂಪ, ಆದರೆ ಪರದೆ ನೋಡಿ ಬೆರಳು ಇಡುವಷ್ಟು ಅವಕಾಶ ಬೇಕು.

ರಾತ್ರಿ ಒಬ್ಬರೇ ಓಡಾಡುವವರಿಗೆ, ಒಂಟಿಯಾಗಿರುವ ಹಿರಿಯರಿಗೆ ತಾನಾಗಿ ಕರೆ ಹೋಗುವ ಆಯ್ಕೆಯೇ ಸರಿ ಎಂದು ನನ್ನ ಅಭಿಪ್ರಾಯ. ಫೋನು ಮಕ್ಕಳ ಕೈಗೆ ಹೆಚ್ಚು ಸಿಗುವ ಮನೆಯಲ್ಲಿ ಒತ್ತಿ ಹಿಡಿಯುವ ಆಯ್ಕೆ ಇರಲಿ. ಇದರ ಜೊತೆಗೆ ಎಣಿಕೆಯ ಹೊತ್ತಿಗೆ ಜೋರಾಗಿ ಸದ್ದು ಮಾಡುವ ಆಯ್ಕೆಯೂ ಇರುತ್ತದೆ. ಯಾರಿಗೂ ತಿಳಿಯದಂತೆ ಸಹಾಯ ಕೇಳಬೇಕಾದ ಸನ್ನಿವೇಶದಲ್ಲಿ ಆ ಸದ್ದೇ ನಮ್ಮನ್ನು ತೋರಿಸಿಕೊಟ್ಟುಬಿಡುತ್ತದೆ. ಇತ್ತ ಸದ್ದಿಲ್ಲದಿದ್ದರೆ ಜೇಬಿನಲ್ಲಿ ತಪ್ಪಿ ಒತ್ತಿಹೋದದ್ದು ನಮಗೇ ಗೊತ್ತಾಗುವುದಿಲ್ಲ. ನಮ್ಮ ಹುಡುಗಿ ಸದ್ದು ಬೇಡ ಎಂದಳು. ಅವಳ ದಾರಿಗೆ ಅದು ತಕ್ಕ ನಿರ್ಧಾರ.

ಇನ್ನು ಎರಡು ಒತ್ತಿನ ಕೆಲಸವನ್ನು ಬದಲಿಸುವುದು. ಸ್ಯಾಮ್‌ಸಂಗ್ ಫೋನಿನಲ್ಲಿ Advanced features ಒಳಗೆ Side button ಎಂದಿರುತ್ತದೆ. ಕೆಲವು ಫೋನುಗಳಲ್ಲಿ Side key ಎಂದಿರುತ್ತದೆ. ಅಲ್ಲಿ Double press ಎಂಬುದನ್ನು ಆಫ್ ಮಾಡಬಹುದು, ಕ್ಯಾಮೆರಾಕ್ಕೆ ಬಿಡಬಹುದು, ಇಲ್ಲವೆ ನಿಮಗೆ ಬೇಕಾದ ಆ್ಯಪ್ ತೆರೆಯುವಂತೆ ಮಾಡಬಹುದು. ಗೂಗಲ್ ಪಿಕ್ಸೆಲ್‌ನಲ್ಲಿ System ಒಳಗೆ Gestures ಎಂಬಲ್ಲಿ ಇದು ಸಿಗುತ್ತದೆ. ಹೊಸ ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾದ ಬದಲು ವಾಲೆಟ್ ಇಟ್ಟುಕೊಳ್ಳುವ ಆಯ್ಕೆಯೂ ಇದೆ. ಬೇರೆ ಫೋನುಗಳಲ್ಲಿ Settings ಹುಡುಕುವ ಜಾಗದಲ್ಲಿ power button ಎಂದು ಬರೆದರೆ ದಾರಿ ಸಿಗುತ್ತದೆ. ಒಂದು ಮಾತು ನೆನಪಿರಲಿ: ಲಾಕ್ ತೆಗೆಯದೆ ತೆರೆಯುವ ಅನುಕೂಲ ಕ್ಯಾಮೆರಾಕ್ಕೆ ಇದೆ. ಅದರ ಜಾಗದಲ್ಲಿ ಬೇರೆ ಆ್ಯಪ್ ಇಟ್ಟರೆ ಸಾಮಾನ್ಯವಾಗಿ ಲಾಕ್ ತೆಗೆದ ಮೇಲೆಯೇ ಅದು ತೆರೆಯುತ್ತದೆ. ಆದ್ದರಿಂದ ಐದು ಒತ್ತಿನ ಬದಲಿಗೆ ಎರಡು ಒತ್ತಿನ ಮೇಲೆ ಯಾವುದೋ ಸುರಕ್ಷತಾ ಆ್ಯಪ್ ಕೂರಿಸಿ ನಿಶ್ಚಿಂತರಾಗಬೇಡಿ.

ಐಫೋನಿನವರಿಗೆ ಬೇರೆ ಎಚ್ಚರ. ಅದರಲ್ಲಿ ಎರಡು ಒತ್ತು ಆ್ಯಪ್ ಇಳಿಸಿಕೊಳ್ಳುವಾಗ ಒಪ್ಪಿಗೆ ಕೊಡಲು ಬಳಕೆಯಾಗುತ್ತದೆ, ಮೂರು ಒತ್ತು ತುರ್ತು ಕರೆಗೆ. ಆದರೆ ಕಣ್ಣು ಕಾಣದವರಿಗೆ, ಕಿವಿ ಮಂದವಾದವರಿಗೆ ನೆರವಾಗುವ Accessibility Shortcut ಕೂಡ ಮೂರು ಒತ್ತಿನ ಮೇಲೆಯೇ ಇದೆ. ಅದನ್ನು ಆನ್ ಮಾಡಿದರೆ ತುರ್ತು ಕರೆಗೆ ಐದು ಸಲ ಒತ್ತಬೇಕಾಗುತ್ತದೆ. ಅಜ್ಜನ ಅನುಕೂಲಕ್ಕೆಂದು ಮೊಮ್ಮಗ ಅದನ್ನು ಆನ್ ಮಾಡಿಕೊಟ್ಟರೆ, ಎಣಿಕೆ ಬದಲಾದದ್ದನ್ನೂ ಹೇಳಿಕೊಡಬೇಕು.

ಈಗ ತಪ್ಪು ಕರೆಯ ವಿಷಯ. 2023ರ ಜೂನ್‌ನಲ್ಲಿ ಬ್ರಿಟನ್ನಿನ ಪೊಲೀಸರಿಗೆ ಇದ್ದಕ್ಕಿದ್ದಂತೆ ಮಾತಿಲ್ಲದ ತುರ್ತು ಕರೆಗಳು ಹೇರಳವಾಗಿ ಬರತೊಡಗಿದವು. ಕಾರಣ ಹುಡುಕಿದರೆ, ಅಪ್‌ಡೇಟ್ ಮೂಲಕ ಜನರ ಫೋನಿಗೆ ಈ ಐದು ಒತ್ತಿನ ಸೌಲಭ್ಯ ಬಂದಿತ್ತು. ಜೇಬಿನಲ್ಲಿದ್ದ ಫೋನುಗಳು ತಾವಾಗಿಯೇ ಕರೆ ಮಾಡುತ್ತಿದ್ದವು. ಅಲ್ಲಿನ ಪೊಲೀಸರು ಜನರಿಗೆ ಒಂದು ಬುದ್ಧಿಮಾತು ಹೇಳಿದರು. ತಪ್ಪಿ ಕರೆ ಹೋದರೆ ಗಾಬರಿಯಿಂದ ಕಟ್ ಮಾಡಬೇಡಿ, ಲೈನಿನಲ್ಲಿದ್ದು ತಪ್ಪಿ ಬಂದ ಕರೆ ಎಂದು ಹೇಳಿ. ಕಟ್ ಮಾಡಿದರೆ ಆ ಕಡೆಯವರಿಗೆ ನೀವು ಅಪಾಯದಲ್ಲಿದ್ದೀರೋ ಇಲ್ಲವೋ ತಿಳಿಯುವುದಿಲ್ಲ, ಮತ್ತೆ ನಿಮಗೇ ಕರೆ ಮಾಡುವುದರಲ್ಲಿ ಅವರ ಹೊತ್ತು ಹೋಗುತ್ತದೆ. ನಮ್ಮ 112ಕ್ಕೂ ಇದೇ ಮಾತು ಸಲ್ಲುತ್ತದೆ.

ತಪ್ಪು ಕರೆ ಹೋಗುವ ಮುನ್ನ ಸಾಮಾನ್ಯವಾಗಿ ಫೋನು ಒಂದು ಸೂಚನೆ ಕೊಟ್ಟಿರುತ್ತದೆ. ಜೇಬಿನಿಂದ ತೆಗೆದಾಗ ಕ್ಯಾಮೆರಾ ತೆರೆದೇ ಇರುತ್ತದೆ, ಗ್ಯಾಲರಿಯಲ್ಲಿ ಕಪ್ಪು ಕಪ್ಪಾದ ಚಿತ್ರಗಳು ಬಂದಿರುತ್ತವೆ, ಫೋನು ಬೆಚ್ಚಗಾಗಿ ಬ್ಯಾಟರಿ ಇಳಿದಿರುತ್ತದೆ. ಇವೆಲ್ಲ ಕಂಡರೆ ಯಾವುದೋ ಒಂದು ವಸ್ತು ಪವರ್ ಬಟನ್ನನ್ನು ಎರಡೆರಡು ಸಲ ಒತ್ತುತ್ತಿದೆ ಎಂದು ತಿಳಿಯಿರಿ. ಎರಡು ಸಲ ಒತ್ತುವಂಥದ್ದು ಒಂದು ದಿನ ಐದು ಸಲವೂ ಒತ್ತೀತು. ಹೆಚ್ಚಾಗಿ ಅದು ಬಿಗಿಯಾದ ರಬ್ಬರ್ ಕವರ್ ಆಗಿರುತ್ತದೆ, ಇಲ್ಲವೆ ಬೈಕಿನ ಹ್ಯಾಂಡಲ್‌ಗೆ ಹಾಕಿದ ಮೊಬೈಲ್ ಹೋಲ್ಡರ್. ಹೋಲ್ಡರಿನ ಹಿಡಿ ಸರಿಯಾಗಿ ಬಟನ್ನಿನ ಮೇಲೆಯೇ ಕೂತರೆ ರಸ್ತೆಯ ಪ್ರತಿ ಕುಳಿಗೂ ಒಂದೊಂದು ಒತ್ತು ಬೀಳುತ್ತದೆ. ಫೋನನ್ನು ಒಂದು ಬೆರಳಿನಷ್ಟು ಮೇಲೆ ಸರಿಸಿ ಕೂರಿಸಿದರೆ ಆ ತೊಂದರೆ ಮುಗಿಯಿತು.

ಕವರ್ ತೆಗೆದು ಒಂದು ದಿನ ಬಳಸಿ ನೋಡಿ. ಕ್ಯಾಮೆರಾ ತಾನೇ ತೆರೆಯುವುದು ನಿಂತರೆ ಕವರಿನದೇ ತಪ್ಪು. ನಿಲ್ಲದಿದ್ದರೆ ಬಟನ್ನೇ ಸವೆದಿದೆ, ಅಥವಾ ಬೆವರು, ಧೂಳು ಹೋಗಿ ಅಂಟಿಕೊಂಡಿದೆ. ಒತ್ತಿದಾಗ ಟಿಕ್ ಎಂಬ ಸದ್ದು ಸ್ಪಷ್ಟವಾಗಿ ಬರದೆ ಮೆತ್ತಗೆ ಒಳಹೋದರೆ ಅದೇ ಗುರುತು. ರಿಪೇರಿ ಅಂಗಡಿಯವರು ಪವರ್ ಬಟನ್ ಫ್ಲೆಕ್ಸ್ ಎನ್ನುವ ತೆಳು ಪಟ್ಟಿಯನ್ನು ಬದಲಿಸಿಕೊಡುತ್ತಾರೆ. ಇಂಥ ಫೋನಿನಲ್ಲಿ ನಿಜವಾಗಿ ಬೇಕಾದಾಗ ಐದು ಒತ್ತು ನೆಟ್ಟಗೆ ಬೀಳುವ ಭರವಸೆಯೂ ಇರುವುದಿಲ್ಲ. ಆದ್ದರಿಂದ ತಪ್ಪು ಕರೆಯ ಕಾಟಕ್ಕೆ SOS ಅನ್ನೇ ಆಫ್ ಮಾಡಿ ಕೂಡುವುದು ಸರಿಯಲ್ಲ. ಬಟನ್ ರಿಪೇರಿ ಆಗುವವರೆಗೆ ಒತ್ತಿ ಹಿಡಿಯುವ ಆಯ್ಕೆಗೆ ಬದಲಿಸಿದರೆ ಸಾಕು.

ಪರೀಕ್ಷೆ ಮಾಡಿ ನೋಡದೆ ಈ ಸೌಲಭ್ಯವನ್ನು ನಂಬಬೇಡಿ. ಆದರೆ 112ಕ್ಕೆ ಸುಮ್ಮನೆ ಕರೆ ಮಾಡುವುದೂ ತಪ್ಪು. ಅದಕ್ಕೆ ಉಪಾಯವಿದೆ. ಮೊದಲು Touch & hold ಆಯ್ಕೆಗೆ ಬದಲಿಸಿಕೊಳ್ಳಿ. ಫೋನನ್ನು ನೀವು ದಿನಾ ಇಡುವ ಪರ್ಸಿನಲ್ಲೋ ಜೇಬಿನಲ್ಲೋ ಕವರಿನ ಸಮೇತ ಇಟ್ಟು, ಕಣ್ಣಿಂದ ನೋಡದೆ, ಒಂದೇ ಕೈಯಿಂದ ಬಟನ್ ಒತ್ತಿ. ಹೊರಗೆ ತೆಗೆದು ನೋಡಿದಾಗ ತುರ್ತು ಪರದೆ ಬಂದಿದ್ದರೆ ಗುಂಡನೆಯ ಗುರುತಿನ ಮೇಲೆ ಬೆರಳಿಡದೆ ರದ್ದು ಮಾಡಿ. ಆಮೇಲೆ ನಿಮಗೆ ಬೇಕಾದ ಆಯ್ಕೆಗೆ ಮರಳಿ. ಲಾಕ್ ಪರದೆಯ ಮೇಲಿನ Emergency ಅಕ್ಷರವನ್ನು ಮಾತ್ರ ಪರೀಕ್ಷೆಗೆಂದು ಒತ್ತಿ ಹಿಡಿಯಬೇಡಿ. ಅದು ನೇರವಾಗಿ ಕರೆ ಮಾಡಬಹುದು. ನಮ್ಮ ಹುಡುಗಿ ಪರ್ಸಿನೊಳಗೆ ಕೈ ಹಾಕಿ ಮಾಡಿದ ಮೊದಲ ಪ್ರಯತ್ನದಲ್ಲಿ ಧ್ವನಿ ಹೆಚ್ಚಿಸುವ ಬಟನ್ನನ್ನೇ ಒತ್ತುತ್ತಿದ್ದಳು. ಪರ್ಸಿನಲ್ಲಿ ಫೋನು ತಲೆಕೆಳಗಾಗಿತ್ತು. ಅಂದಿನಿಂದ ಫೋನನ್ನು ಒಂದೇ ದಿಕ್ಕಿಗೆ ಇಡುವ ರೂಢಿ ಮಾಡಿಕೊಂಡಿದ್ದಾಳೆ.

ಕೊನೆಯದಾಗಿ ಈ ಸೌಲಭ್ಯದ ಮಿತಿಯನ್ನೂ ತಿಳಿದಿರಬೇಕು. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆ ಫೋನು Emergency calls only ಎಂದು ತೋರಿಸಿದರೆ, ಬೇರೆ ಕಂಪನಿಯ ಟವರು ನಿಮ್ಮ ತುರ್ತು ಕರೆಯನ್ನು ಒಪ್ಪಿಕೊಳ್ಳುತ್ತದೆ ಎಂದರ್ಥ. ಯಾವ ಟವರೂ ಸಿಗದ ಜಾಗದಲ್ಲಿ ಎಷ್ಟು ಒತ್ತಿದರೂ ಸಾಮಾನ್ಯ ಫೋನಿನಿಂದ ಕರೆ ಹೋಗದು. ಮನೆಯವರಿಗೆ ನೀವಿರುವ ಜಾಗದ ನಕ್ಷೆ ಕಳಿಸುವ ಆಯ್ಕೆಗೆ ಡೇಟಾ ಬೇಕು, ಫೋನಿನ ಲೊಕೇಶನ್ ಆನ್ ಇರಬೇಕು. ಇದೆಲ್ಲ ಇದ್ದರೂ ಆ ಕಡೆಯಿಂದ ಮೊದಲು ಕೇಳುವುದು ಎಲ್ಲಿದ್ದೀರಿ ಎಂದೇ. ಆಗ ರಾಯಾಪುರ ಎಂದಷ್ಟೇ ಹೇಳಿದರೆ ಸಾಲದು. ಕೈಗಾರಿಕಾ ಪ್ರದೇಶ, ಇಸ್ಕಾನ್ ದೇವಸ್ಥಾನ, ಚಿಗರಿ ನಿಲ್ದಾಣ ಎಲ್ಲವೂ ಆ ಹೆಸರಿನೊಳಗೇ ಬರುತ್ತವೆ. ಹತ್ತಿರದ ಬಿಆರ್‌ಟಿಎಸ್ ನಿಲ್ದಾಣದ ಹೆಸರು, ನೀವು ನಿಂತಿರುವುದು ಧಾರವಾಡದ ಕಡೆ ಹೋಗುವ ರಸ್ತೆಯ ಬದಿಯಲ್ಲೋ ಹುಬ್ಬಳ್ಳಿಯ ಕಡೆ ಹೋಗುವ ಬದಿಯಲ್ಲೋ, ಎದುರಿಗೆ ಕಾಣುವ ಬೋರ್ಡು ಯಾವುದು, ಈ ಮೂರು ಮಾತು ಬೇಕು. ರಸ್ತೆಯ ನಡುವೆ ಬಸ್ಸಿಗೆಂದೇ ಬೇರೆ ದಾರಿ ಇರುವುದರಿಂದ, ತಪ್ಪು ಬದಿ ಹೇಳಿದರೆ ಬರುವ ವಾಹನ ಮುಂದೆ ಹೋಗಿ ತಿರುಗಿ ಬರಬೇಕಾಗುತ್ತದೆ. ನಿಮ್ಮ ದಿನನಿತ್ಯದ ದಾರಿಯಲ್ಲಿ ಯಾವ ಯಾವ ಜಾಗಕ್ಕೆ ಏನು ಹೇಳಬೇಕು ಎಂಬುದನ್ನು, ಫೋನಿನ ಎಣಿಕೆಯ ಜೊತೆಗೇ, ಇವತ್ತೇ ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ಎಷ್ಟು ಫೋನುಗಳಿವೆಯೋ ಅಷ್ಟನ್ನೂ ಒಂದೊಂದಾಗಿ ತೆರೆದು ನೋಡಿ, ಯಾರ ಫೋನಿಗೆ ಎಷ್ಟು ಒತ್ತು ಎಂದು ಅವರವರಿಗೆ ಹೇಳಿಕೊಡಿ.